ಐದು ವರ್ಷಕ್ಕೊಮ್ಮೆಯ ದತ್ತಿಗೆ ಇಂದು ಎಷ್ಟು ಹಣ ಇಡಬೇಕು?

ಒಂದು ಶಾಲೆಗೆ ಐದು ವರ್ಷಕ್ಕೊಮ್ಮೆ ಸುಣ್ಣಬಣ್ಣ ಮಾಡಿಸಲು ಹಳೆಯ ವಿದ್ಯಾರ್ಥಿಗಳು ಶಾಶ್ವತ ದತ್ತಿ ಇಡುತ್ತಾರೆ ಎಂದುಕೊಳ್ಳೋಣ. ಪ್ರತಿ ಬಾರಿಗೆ ಖರ್ಚು 1 ಲಕ್ಷ ರೂಪಾಯಿ, ಮೊದಲ ಖರ್ಚು ಇಂದಿನಿಂದ ಐದನೇ ವರ್ಷದ ಕೊನೆಗೆ, ಬಡ್ಡಿ ವರ್ಷಕ್ಕೆ ಶೇ. 8. ಅಸಲು ಎಂದೆಂದಿಗೂ ಕರಗಬಾರದು. ಇಂದು ಇಡಬೇಕಾದ ಆ ಮೊತ್ತವೇ ಈ ಶಾಶ್ವತ ಪಾವತಿಯ ವರ್ತಮಾನ ಮೌಲ್ಯ.

ತಪ್ಪು ಕಲ್ಪನೆ: ಐದು ವರ್ಷಕ್ಕೆ 1 ಲಕ್ಷ ಎಂದರೆ ವರ್ಷಕ್ಕೆ 20,000 ಇದ್ದ ಹಾಗೆ. ಅದನ್ನು ಶೇ. 8ರಿಂದ ಭಾಗಿಸಿದರೆ 2,50,000 ಸಾಕು.

ಇದು ಬಹಳ ಜನ ಮಾಡುವ ಲೆಕ್ಕ. ಇನ್ನು ಕೆಲವರು ಬೇರೆ ದಾರಿ ಹಿಡಿಯುತ್ತಾರೆ: ವರ್ಷಕ್ಕೆ 8, ಐದು ವರ್ಷಕ್ಕೆ 40, ಆದ್ದರಿಂದ 1 ಲಕ್ಷವನ್ನು 0.40ರಿಂದ ಭಾಗಿಸು. ಉತ್ತರ ಮತ್ತೆ ಅದೇ 2,50,000. ಎರಡು ದಾರಿಯಲ್ಲೂ ಒಂದೇ ಸಂಖ್ಯೆ ಬಂತೆಂದು ಲೆಕ್ಕ ಸರಿಯೆಂದು ನಂಬುವವರನ್ನು ನೋಡಿದ್ದೇನೆ. ಆದರೆ ಇವು ಎರಡು ದಾರಿಗಳಲ್ಲ, ಒಂದೇ ತಪ್ಪಿನ ಎರಡು ರೂಪಗಳು. ಎರಡರಲ್ಲೂ ಬಡ್ಡಿಯ ಮೇಲಿನ ಬಡ್ಡಿ ಬಿಟ್ಟುಹೋಗಿದೆ.

ಶಾಲೆ ನಾಲ್ಕು ವರ್ಷ ಒಂದು ಪೈಸೆಯನ್ನೂ ಕೇಳುವುದಿಲ್ಲ. ಅಷ್ಟು ಕಾಲ ಬಡ್ಡಿ ಅಸಲಿನೊಂದಿಗೆ ಸೇರಿ ತಾನೂ ದುಡಿಯುತ್ತದೆ. 1.08ನ್ನು ಐದು ಬಾರಿ ಗುಣಿಸಿದರೆ 1.4693, ಅಂದರೆ ಐದು ವರ್ಷದ ನಿಜವಾದ ಬಡ್ಡಿ ಶೇ. 40 ಅಲ್ಲ, ಶೇ. 46.93. ಐದು ವರ್ಷವನ್ನೇ ಒಂದು ಅವಧಿ ಎಂದು ಹಿಡಿದರೆ, ಪ್ರತಿ ಅವಧಿಗೆ ಬರುವ ಪಾವತಿಯನ್ನು ಆ ಅವಧಿಯ ಬಡ್ಡಿದರದಿಂದ ಭಾಗಿಸುವ ಹಳೆಯ ಸೂತ್ರವೇ ಸಾಕು:

```
PV = C / ((1 + r)^5 − 1)
   = 1,00,000 / 0.469328
   = 2,13,071
```

ಸರಿಯೇ ಎಂದು ತಿಳಿಯಲು ನಿಧಿಯನ್ನು ಒಂದು ಸುತ್ತು ಓಡಿಸಿ ನೋಡಬೇಕು. 2,13,071 ಐದು ವರ್ಷದಲ್ಲಿ 3,13,071 ಆಗುತ್ತದೆ. ಸುಣ್ಣಬಣ್ಣಕ್ಕೆ 1 ಲಕ್ಷ ತೆಗೆದರೆ ಉಳಿಯುವುದು ಮತ್ತೆ 2,13,071. ಹಾಗೆಯೇ ಮುಂದಿನ ಐದು ವರ್ಷ, ಅದರ ಮುಂದಿನ ಐದು ವರ್ಷ. 2,50,000 ಇಟ್ಟಿದ್ದರೆ ಮೊದಲ ಸುತ್ತಿನ ನಂತರ 2,67,332 ಉಳಿಯುತ್ತಿತ್ತು. ನಿಧಿ ಬೆಳೆಯುತ್ತಲೇ ಹೋಗುತ್ತದೆ, ಅಂದರೆ ದಾನಿಗಳು ಬೇಕಾದ್ದಕ್ಕಿಂತ ಸುಮಾರು 37,000 ಹೆಚ್ಚು ಕೊಟ್ಟಿದ್ದಾರೆ. ದತ್ತಿಗೆ ಇದು ಹಾನಿಯಲ್ಲ. ಇಂಥದೇ ಆದಾಯ ತರುವ ಆಸ್ತಿಯನ್ನು ಕೊಳ್ಳುವವನಿಗೆ ಮಾತ್ರ ನೇರ ನಷ್ಟ. 1849ರಲ್ಲಿ ಜರ್ಮನಿಯ ಅರಣ್ಯಾಧಿಕಾರಿ ಮಾರ್ಟಿನ್ ಫೌಸ್ಟ್‌ಮನ್ ಮರ ಬೆಳೆಸಿ, ಕಡಿದು, ಮತ್ತೆ ನೆಡುತ್ತಲೇ ಇರುವ ಭೂಮಿಯ ಬೆಲೆ ಕಟ್ಟಲು ಬಳಸಿದ್ದೂ ಇದೇ ತರ್ಕ.

ತಪ್ಪು ಕಲ್ಪನೆ: ಮೊದಲ ಪಾವತಿ ಯಾವಾಗ ಬಂದರೂ ಸೂತ್ರ ಒಂದೇ.

ಸೂತ್ರ ಕೊಡುವುದು ಮೊದಲ ಪಾವತಿಗೆ ಸರಿಯಾಗಿ ಐದು ವರ್ಷ ಮೊದಲಿನ ದಿನದ ಮೌಲ್ಯವನ್ನು. ಗೋಡೆಗಳು ಈಗಾಗಲೇ ಮಾಸಿದ್ದು ಮೊದಲ ಬಣ್ಣ ಇಂದೇ ಆಗಬೇಕಾದರೆ ಇನ್ನೊಂದು ಲಕ್ಷ ಸೇರಿಸಿ 3,13,071 ಇಡಬೇಕು. ಎರಡು ವರ್ಷದ ನಂತರ ಎಂದಾದರೆ, ಆ ದಿನದಿಂದ ಐದು ವರ್ಷ ಹಿಂದೆ ಹೋದಾಗ ಇಂದಿಗಿಂತ ಮೂರು ವರ್ಷ ಹಿಂದೆ ನಿಲ್ಲುತ್ತೇವೆ. ಅಲ್ಲಿಂದ ಇಂದಿಗೆ ಬರಲು ಮೂರು ವರ್ಷದ ಬಡ್ಡಿ ಸೇರಿಸಬೇಕು: 2,13,071ನ್ನು 1.08ರಿಂದ ಮೂರು ಬಾರಿ ಗುಣಿಸಿದರೆ ಸುಮಾರು 2,68,408.

ತಪ್ಪು ಕಲ್ಪನೆ: ಬ್ಯಾಂಕಿನ ಶೇ. 8 ಎಂದರೆ ವರ್ಷಕ್ಕೆ ಸರಿಯಾಗಿ ಶೇ. 8.

ನಮ್ಮ ಬ್ಯಾಂಕುಗಳ ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುತ್ತದೆ. ಆಗ ಐದು ವರ್ಷಕ್ಕೆ 1.02ನ್ನು ಇಪ್ಪತ್ತು ಬಾರಿ ಗುಣಿಸಬೇಕು. ಬೇಕಾಗುವ ಮೊತ್ತ ಸುಮಾರು 2,05,784ಕ್ಕೆ ಇಳಿಯುತ್ತದೆ.

ತಪ್ಪು ಕಲ್ಪನೆ: ಅಸಲು ಕರಗದಿದ್ದರೆ ದತ್ತಿ ಶಾಶ್ವತ.

ನನಗೆ ಹೆಚ್ಚು ಕಳವಳ ತರುವುದು ಇದು. ಮೇಲಿನ ಎಲ್ಲ ಲೆಕ್ಕದಲ್ಲೂ ಬಣ್ಣದ ಖರ್ಚು ಎಂದೆಂದಿಗೂ 1 ಲಕ್ಷವೇ. ಕೂಲಿ ಮತ್ತು ಬಣ್ಣದ ಬೆಲೆ ವರ್ಷಕ್ಕೆ ಶೇ. 5ರಂತೆ ಏರಿದರೆ ಇಂದಿನ 1 ಲಕ್ಷದ ಕೆಲಸಕ್ಕೆ ಐದನೇ ವರ್ಷ 1,27,628 ಬೇಕು, ಹತ್ತನೇ ವರ್ಷ ಸುಮಾರು 1,62,889. ಬೆಳೆಯುವ ಖರ್ಚಿಗೆ ಛೇದದಲ್ಲಿ 1ರ ಬದಲು 1.05ರ ಐದನೇ ಘಾತ ಕೂರುತ್ತದೆ:

```
1,27,628 / (1.08^5 − 1.05^5) = 6,61,126 (ಸುಮಾರು)
```

ಮೊದಲಿನ ಮೊತ್ತದ ಮೂರು ಪಟ್ಟಿಗೂ ಹೆಚ್ಚು. ಈ ಸೂತ್ರ ಬಡ್ಡಿದರ ಬೆಲೆಯೇರಿಕೆಗಿಂತ ಹೆಚ್ಚಿರುವವರೆಗೆ ಮಾತ್ರ ನಡೆಯುತ್ತದೆ. ಎರಡೂ ಸಮವಾದರೆ ಛೇದ ಸೊನ್ನೆಯಾಗುತ್ತದೆ. ಆಗ ಎಷ್ಟು ದೊಡ್ಡ ನಿಧಿ ಇಟ್ಟರೂ ಒಂದು ದಿನ ಖಾಲಿಯಾಗುತ್ತದೆ. ದತ್ತಿಪತ್ರದಲ್ಲಿ "ಪ್ರತಿ ಐದು ವರ್ಷಕ್ಕೆ 1 ಲಕ್ಷ" ಎಂದು ಬರೆಯಬೇಕೋ, "ಪ್ರತಿ ಐದು ವರ್ಷಕ್ಕೊಮ್ಮೆ ಸುಣ್ಣಬಣ್ಣ" ಎಂದು ಬರೆಯಬೇಕೋ ಎಂಬುದನ್ನು ಹಣ ಕಟ್ಟುವ ಮೊದಲೇ ತೀರ್ಮಾನಿಸಬೇಕು. ಮೊದಲನೆಯದಕ್ಕೆ 2,13,071 ಸಾಕು, ಎರಡನೆಯದಕ್ಕೆ 6,61,126 ಬೇಕು.