ಎಐ ಉತ್ತರ ಅರ್ಧಕ್ಕೆ ನಿಂತರೆ ಆ್ಯಪ್‌ಗೆ ಗೊತ್ತಾಗುವುದು ಹೇಗೆ?

ಔಷಧಿಯ ಹೆಸರು ಹಾಕಿದರೆ ಕನ್ನಡದಲ್ಲಿ ಸೂಚನೆ ಕೊಡುವ ಒಂದು ಆ್ಯಪ್ ಇದೆ ಎಂದುಕೊಳ್ಳಿ. ನೀವು ಐಬುಪ್ರೊಫೇನ್ ಎಂದು ಟೈಪ್ ಮಾಡುತ್ತೀರಿ. ಪರದೆಯ ಮೇಲೆ ಬರುವುದು ಇಷ್ಟು: "ಖಾಲಿ ಹೊಟ್ಟೆಯಲ್ಲಿ ಸೇವಿಸ". ಕೊನೆಯಲ್ಲಿ ಏನೋ ಅಕ್ಷರ ಬಿಟ್ಟುಹೋಗಿದೆ, "ಸೇವಿಸಿ" ಎಂದಿರಬೇಕು ಎಂದು ಓದಿಕೊಂಡು ಸ್ಕ್ರೀನ್‌ಶಾಟ್ ಫಾರ್ವರ್ಡ್ ಮಾಡುತ್ತೀರಿ. ಆದರೆ ಅಲ್ಲಿ ಬರಬೇಕಿದ್ದದ್ದು "ಸೇವಿಸಬೇಡಿ". ಕನ್ನಡದಲ್ಲಿ "ಬೇಡ" ಬರುವುದೇ ವಾಕ್ಯದ ಕೊನೆಗೆ. ಬಾಲ ತುಂಡಾದರೆ ಅರ್ಥವೇ ತಿರುಗಿಬೀಳುತ್ತದೆ.

ನೆಟ್‌ವರ್ಕ್ ತೊಂದರೆಯೇ?

ಅನೇಕರು ಹಾಗೇ ತಿಳಿಯುತ್ತಾರೆ. ಆದರೆ ನೆಟ್‌ವರ್ಕ್ ಚೆನ್ನಾಗಿದ್ದಾಗಲೂ ಉತ್ತರ ತುಂಡಾಗಬಹುದು. ಎಐ ಮಾದರಿಗಳು ಪದಗಳನ್ನು ಟೋಕನ್ ಎಂಬ ಸಣ್ಣ ಚೂರುಗಳಾಗಿ ಬರೆಯುತ್ತವೆ. ಗರಿಷ್ಠ ಎಷ್ಟು ಟೋಕನ್ ಬರೆಯಬಹುದು ಎಂಬ ಮಿತಿಯನ್ನು ಆ್ಯಪ್ ತಯಾರಿಸಿದವರು ನಿಗದಿ ಮಾಡಿರುತ್ತಾರೆ. ಮಿತಿ ಮುಟ್ಟಿದ ಕೂಡಲೇ, ಪದದ ಮಧ್ಯದಲ್ಲಿದ್ದರೂ ಬರವಣಿಗೆ ನಿಲ್ಲುತ್ತದೆ. ಅದೇ ವಿಷಯವನ್ನು ಕನ್ನಡದಲ್ಲಿ ಬರೆಯಲು ಸಾಮಾನ್ಯವಾಗಿ ಇಂಗ್ಲಿಷ್‌ಗಿಂತ ಹೆಚ್ಚು ಟೋಕನ್ ಬೇಕು. ಹಾಗಾಗಿ ಇಂಗ್ಲಿಷ್‌ನಲ್ಲಿ ಪರೀಕ್ಷಿಸಿ ಇಟ್ಟ ಮಿತಿ ಕನ್ನಡಕ್ಕೆ ಸಾಲದೇ ಹೋಗಬಹುದು.

ಮೊದಲ ಸುಳಿವು: ಮುಚ್ಚದ ಬ್ರಾಕೆಟ್

ಆ್ಯಪ್‌ಗಳು ಇಂಥ ಉತ್ತರವನ್ನು ಹೆಚ್ಚಾಗಿ ಜೇಸನ್ ಎಂಬ ರೂಪದಲ್ಲಿ ಕೇಳುತ್ತವೆ. ಅದು ಸಾಮಾನ್ಯವಾಗಿ ಫ್ಲವರ್ ಬ್ರಾಕೆಟ್‌ನಿಂದ ತೆರೆದು ಫ್ಲವರ್ ಬ್ರಾಕೆಟ್‌ನಿಂದಲೇ ಮುಚ್ಚುತ್ತದೆ. ನಮ್ಮ ಉದಾಹರಣೆಯಲ್ಲಿ ಬಂದದ್ದು ಹೀಗಿದೆ:

```
{"ಔಷಧಿ": "ಐಬುಪ್ರೊಫೇನ್", "ಸೂಚನೆ": "ಖಾಲಿ ಹೊಟ್ಟೆಯಲ್ಲಿ ಸೇವಿಸ
```

ಕೊನೆಯ ಉದ್ಧರಣ ಚಿಹ್ನೆಯೂ ಇಲ್ಲ, ಬ್ರಾಕೆಟ್ಟೂ ಇಲ್ಲ. ಪೈಥಾನ್‌ನ `json.loads` ಇದನ್ನು ಓದಲು ಹೋದರೆ ದೋಷ ತೋರಿಸಿ ನಿಲ್ಲುತ್ತದೆ. ಅದು ಒಳ್ಳೆಯದೇ.

ಎಡವಟ್ಟಾಗುವುದು ಮುಂದಿನ ಹೆಜ್ಜೆಯಲ್ಲಿ. ಆ್ಯಪ್ ನಿಲ್ಲಬಾರದೆಂದು ಕೆಲವರು ಬಿಟ್ಟುಹೋದ `"}` ಅನ್ನು ತಾವೇ ಸೇರಿಸುವ ಕೋಡ್ ಹಾಕಿರುತ್ತಾರೆ. ಆಗ ದೋಷ ಮಾಯವಾಗುತ್ತದೆ, ಆದರೆ "ಬೇಡಿ" ಮರಳಿ ಬರುವುದಿಲ್ಲ. ಹರಿದ ಚೀಟಿಗೆ ಅಂಚು ಹೊಲಿದಂತೆ: ನೋಡಲು ಪೂರ್ತಿ, ಓದಿದರೆ ಅರ್ಧ.

ಎರಡನೆಯ ಸುಳಿವು: ನಿಂತ ಕಾರಣ

ಉತ್ತರದ ಜೊತೆಗೆ, ಬರವಣಿಗೆ ಏಕೆ ನಿಂತಿತು ಎಂಬುದನ್ನೂ ಸರ್ವರ್ ತಿಳಿಸುತ್ತದೆ. ಓಪನ್‌ಎಐ ಶೈಲಿಯ ಸೇವೆಗಳಲ್ಲಿ ಅದರ ಹೆಸರು `finish_reason`. ಅದರಲ್ಲಿ `stop` ಎಂದಿದ್ದರೆ ಮಾದರಿ ತಾನಾಗಿಯೇ ಮುಗಿಸಿದೆ. `length` ಎಂದಿದ್ದರೆ ಮಿತಿ ಮುಟ್ಟಿ ನಿಂತಿದೆ. ಆಂಥ್ರೊಪಿಕ್‌ನಲ್ಲಿ ಇದೇ ಮಾಹಿತಿ `stop_reason` ಎಂಬ ಹೆಸರಿನಲ್ಲಿದ್ದು, ಮಿತಿ ಮುಟ್ಟಿದಾಗ `max_tokens` ಎಂದು ಬರುತ್ತದೆ.

ಇದನ್ನು ಬೇಕೆಂದೇ ನೋಡಬೇಕು. ಏಕೆಂದರೆ ತುಂಡಾದ ಉತ್ತರ ಬಂದಾಗಲೂ ಸರ್ವರ್ ಕೊಡುವ ಸಂಖ್ಯೆ 200, ಅಂದರೆ "ಎಲ್ಲ ಸರಿ". ಲಕೋಟೆ ಸರಿಯಾಗಿ ಅಂಟಿಸಿಯೇ ಬಂದಿದೆ, ಒಳಗಿನ ಪತ್ರ ಮಾತ್ರ ಅರ್ಧ.

```
c = r.choices[0]
if c.finish_reason != "stop":
    raise ValueError("ಉತ್ತರ ಅಪೂರ್ಣ")
data = json.loads(c.message.content)
```

ಮೊದಲು ಕಾರಣ ನೋಡು, ಆಮೇಲೆ ಬ್ರಾಕೆಟ್ ನೋಡು ಎಂಬುದಷ್ಟೇ ಈ ಕೋಡಿನ ತಾತ್ಪರ್ಯ.

ಎರಡೂ ಏಕೆ ಬೇಕು?

ಸಾಮಾನ್ಯ ಪಠ್ಯದ ಉತ್ತರದಲ್ಲಿ ಬ್ರಾಕೆಟ್ಟೇ ಇರುವುದಿಲ್ಲ. ಐದು ಎಚ್ಚರಿಕೆಗಳಲ್ಲಿ ಮೂರನೆಯದರ ಪೂರ್ಣವಿರಾಮದ ಬಳಿಯೇ ಮಿತಿ ಮುಟ್ಟಿದರೆ ಉತ್ತರ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಅಲ್ಲಿ `length` ಒಂದೇ ಸಾಕ್ಷಿ. ಇನ್ನೊಂದೆಡೆ, ಮಾದರಿ ತಾನೇ ತಪ್ಪಿ ಬ್ರಾಕೆಟ್ ಮುಚ್ಚದೆ `stop` ಎಂದು ಮುಗಿಸಬಹುದು. ಆಗ ಹಿಡಿದುಕೊಡುವುದು ಬ್ರಾಕೆಟ್ ಮಾತ್ರ. ಆದರೆ ಬ್ರಾಕೆಟ್‌ಗಳನ್ನು ಬರೀ ಎಣಿಸಿದರೆ ಸಾಲದು. ವಾಕ್ಯದೊಳಗೇ ಒಂದು `}` ಇದ್ದರೆ ಲೆಕ್ಕ ತಪ್ಪುತ್ತದೆ. ಪಾರ್ಸರ್‌ನಿಂದಲೇ ಓದಿಸಬೇಕು.

ತುಂಡಾಗಿದೆ ಎಂದು ಗೊತ್ತಾದ ಮೇಲೆ ಅದೇ ಮಿತಿಯಲ್ಲಿ ಮತ್ತೆ ಕೇಳಿದರೆ ಬಹುತೇಕ ಮತ್ತೆ ತುಂಡಾಗುತ್ತದೆ. ಮಿತಿ ಹೆಚ್ಚಿಸಬೇಕು, ಇಲ್ಲವೇ ಒಂದು ಸಲಕ್ಕೆ ಒಂದೇ ಔಷಧಿಯ ವಿವರ ಕೇಳಬೇಕು.

ನೀವು ಏನು ಮಾಡಬಹುದು?

ಫೋನಿನ ಪರದೆಯಲ್ಲಿ `finish_reason` ಕಾಣಿಸುವುದಿಲ್ಲ, ಸ್ಕ್ರೀನ್‌ಶಾಟ್‌ನಲ್ಲಂತೂ ಇಲ್ಲವೇ ಇಲ್ಲ. ಹಾಗಾಗಿ ಕೊನೆಯ ಸಾಲು ನೋಡಿ. ಕ್ರಿಯಾಪದ ಪೂರ್ತಿಯಾಗಿದೆಯೇ? "ಐದು ಎಚ್ಚರಿಕೆಗಳು" ಎಂದಿದ್ದರೆ ಐದೂ ಇವೆಯೇ? ಇಲ್ಲವಾದರೆ ಬಿಟ್ಟುಹೋದದ್ದನ್ನು ಊಹಿಸಿ ತುಂಬಬೇಡಿ, ಫಾರ್ವರ್ಡ್ ಮಾಡಬೇಡಿ. ಔಷಧಿಯ ವಿಷಯವಾದರೆ, ಕೊನೆ ಸರಿಯಾಗಿಯೇ ಕಂಡರೂ ಪೊಟ್ಟಣದೊಳಗಿನ ಚೀಟಿ ಓದಿ ಅಥವಾ ವೈದ್ಯರನ್ನು ಕೇಳಿ.