ಐದು ಪುಸ್ತಕ, ನಾಲ್ಕು ಉತ್ತರ

‘ಮೇಜಿನ ಮೇಲೆ ಐದು ಪುಸ್ತಕಗಳಿವೆ.’ ಇಷ್ಟು ಸರಳ ಮಾತನ್ನು ಅರಬ್ಬಿಯಲ್ಲಿ ಬರೆಯುವಾಗ, ಒಂದೆರಡು ವರ್ಷ ಆ ಭಾಷೆ ಕಲಿತವರೂ ತಡವರಿಸುತ್ತಾರೆ. ಐದು, ಪುಸ್ತಕ ಎರಡೂ ಶುರುವಿನಲ್ಲೇ ಕಲಿತ ಪದಗಳು. ತೊಡಕಿರುವುದು ಅವೆರಡನ್ನು ಜೋಡಿಸುವಲ್ಲಿ. ಮಧ್ಯಮ ಹಂತದ ಕಲಿಕೆಗೆ ಬಹು ಆಯ್ಕೆಯ ಪ್ರಶ್ನೆ ಬರೆಯುವ ಶಿಕ್ಷಕರಿಗೆ ಇದು ಒಳ್ಳೆಯ ಜಾಗ.

‘ಅಲತ್ ತಾವಿಲತಿ’ ಎಂದರೆ ಮೇಜಿನ ಮೇಲೆ. ಮುಂದಿನ ಬಿಟ್ಟ ಸ್ಥಳಕ್ಕೆ ಆಯ್ಕೆಗಳು ನಾಲ್ಕು:

ಅ) ಖಮ್ಸು ಕುತುಬಿನ್
ಆ) ಖಮ್ಸತು ಕುತುಬಿನ್
ಇ) ಖಮ್ಸತು ಕಿತಾಬನ್
ಈ) ಖಮ್ಸತು ಕುತುಬುನ್

ಸರಿಯುತ್ತರ ‘ಆ’. ಅರಬ್ಬಿಯಲ್ಲಿ ಮೂರರಿಂದ ಹತ್ತರವರೆಗಿನ ಸಂಖ್ಯೆಗಳದ್ದು ತಿರುಗುಮುರುಗು ಲಿಂಗ. ನಾಮಪದ ಪುಲ್ಲಿಂಗವಾದರೆ ಸಂಖ್ಯೆಗೆ ಸ್ತ್ರೀಲಿಂಗದ ಗುರುತಾದ ‘ತಾ ಮರ್ಬೂತಾ’ ಹತ್ತುತ್ತದೆ; ಸ್ತ್ರೀಲಿಂಗವಾದರೆ ಸಂಖ್ಯೆ ಬೋಳಾಗಿ ನಿಲ್ಲುತ್ತದೆ. ನೋಡಬೇಕಾದದ್ದು ಏಕವಚನದ ಲಿಂಗ. ‘ಕಿತಾಬ್’ ಪುಲ್ಲಿಂಗ, ಹಾಗಾಗಿ ‘ಖಮ್ಸತು’. ಎಣಿಸಿದ ವಸ್ತು ಬಹುವಚನದಲ್ಲಿದ್ದು, ಷಷ್ಠಿ ವಿಭಕ್ತಿ ಹೊರಬೇಕು. ಅದಕ್ಕೇ ‘ಕುತುಬಿನ್’.

ಉಳಿದ ಮೂರು ಉತ್ತರಗಳನ್ನು ಬಾಯಿಗೆ ಬಂದಂತೆ ಬರೆದಿಲ್ಲ. ‘ಇ’ ಆಯ್ದವರು ಹನ್ನೊಂದರಿಂದ ತೊಂಬತ್ತೊಂಬತ್ತರವರೆಗಿನ ನಿಯಮವನ್ನು ಐದಕ್ಕೆ ತಂದು ಕೂಡಿಸಿದ್ದಾರೆ. ಅಲ್ಲಿ ನಾಮಪದ ಏಕವಚನದಲ್ಲೇ ಇರುತ್ತದೆ. ‘ಐದು ಪುಸ್ತಕ ಕೊಡಿ’ ಎಂದು ದಿನವೂ ಏಕವಚನದಲ್ಲೇ ಕೇಳುವ ಕನ್ನಡಿಗರನ್ನು ಈ ಉತ್ತರ ಸುಲಭವಾಗಿ ಸೆಳೆಯಬಲ್ಲದು. ‘ಈ’ ಆಯ್ದವರು ಸಂಖ್ಯೆಯ ವಿಭಕ್ತಿಯನ್ನೇ ನಾಮಪದಕ್ಕೂ ಹಚ್ಚಿದ್ದಾರೆ. ಇಲ್ಲೊಂದು ಎಚ್ಚರ ಬೇಕು. ಅರಬ್ಬಿ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಸ್ವರಚಿಹ್ನೆ ಹಾಕದೆ ಮುದ್ರಿಸಿದರೆ ‘ಆ’ ಮತ್ತು ‘ಈ’ ಅಕ್ಷರಕ್ಕೆ ಅಕ್ಷರ ಒಂದೇ ಆಗಿ, ಪ್ರಶ್ನೆಯೇ ಕೆಡುತ್ತದೆ.

‘ಖಮ್ಸತು ಕಿತಾಬಾನಿ’ ಎಂದು ಐದನೆಯ ಆಯ್ಕೆಯೊಂದನ್ನು ಸೇರಿಸಬಹುದಿತ್ತಲ್ಲ? ಅದು ಎರಡು ಪುಸ್ತಕಗಳನ್ನು ಸೂಚಿಸುವ ದ್ವಿವಚನ ರೂಪ. ಐದರ ಪಕ್ಕದಲ್ಲಿ ಅದನ್ನು ಮಧ್ಯಮ ಹಂತದವರು ಮುಟ್ಟುವುದೂ ಕಷ್ಟ. ಯಾರೂ ಆರಿಸದ ಉತ್ತರ ಕಾಗದದ ಮೇಲಿದ್ದೂ ಇಲ್ಲದಂತೆ.

ಎಲ್ಲಕ್ಕಿಂತ ಕುತೂಹಲದ್ದು ‘ಅ’. ಅದಕ್ಕೆ ಮೂರು ದಾರಿಗಳಿವೆ. ಒಬ್ಬ ವಿದ್ಯಾರ್ಥಿಗೆ ತಿರುಗುಮುರುಗಿನ ನಿಯಮವೇ ಗೊತ್ತಿಲ್ಲ. ಪುಲ್ಲಿಂಗಕ್ಕೆ ಪುಲ್ಲಿಂಗವೆಂದು ‘ಖಮ್ಸು’ ಆರಿಸಿದ. ಇನ್ನೊಬ್ಬಳಿಗೆ ನಿಯಮ ಗೊತ್ತಿದೆ. ಆದರೆ ‘ಅಲ್ ಕುತುಬು ಜದೀದತುನ್’, ಅಂದರೆ ‘ಪುಸ್ತಕಗಳು ಹೊಸವು’ ಎನ್ನುವಾಗ ಮನುಷ್ಯೇತರ ಬಹುವಚನಕ್ಕೆ ವಿಶೇಷಣ ಸ್ತ್ರೀಲಿಂಗದಲ್ಲಿ ಬರುತ್ತದೆಂದು ಕಲಿತಿದ್ದಾಳೆ. ‘ಕುತುಬ್’ ಸ್ತ್ರೀಲಿಂಗವೆಂದುಕೊಂಡು, ನಿಯಮದಂತೆ ತಿರುಗಿಸಿ, ಅದೇ ‘ಖಮ್ಸು’ವಿಗೆ ಬಂದು ನಿಂತಳು. ಮೂರನೆಯವನು ಅರಬ್ಬಿಯನ್ನು ಕಿವಿಯಿಂದ ಕಲಿತವನು. ಕೈರೋ, ಡಮಾಸ್ಕಸ್‌ಗಳ ಆಡುಮಾತಿನಲ್ಲಿ ವಸ್ತುಗಳನ್ನು ಎಣಿಸುವಾಗ ಲಿಂಗಭೇದವಿಲ್ಲದೆ ಸಂಖ್ಯೆಯ ಮೊಟಕು ರೂಪವೇ ಬರುತ್ತದೆ. ಕೇಳಿದ್ದನ್ನೇ ಅವನು ಬರೆದ.

ತಪ್ಪು ಒಂದೇ, ಕಾರಣ ಮೂರು. ಒಂದೇ ಪ್ರಶ್ನೆಯಿಂದ ಇವರನ್ನು ಬಿಡಿಸಿ ನೋಡಲಾಗದು. ಅದಕ್ಕೆ ಇನ್ನೆರಡು ಪ್ರಶ್ನೆಗಳು ಜೊತೆಗಿರಬೇಕು: ‘ಕಚೇರಿಯಲ್ಲಿ ಐದು ಮಂದಿ ಶಿಕ್ಷಕರಿದ್ದಾರೆ’, ‘ಬೀದಿಯಲ್ಲಿ ಐದು ಕಾರುಗಳಿವೆ’. ಶಿಕ್ಷಕ ಪುಲ್ಲಿಂಗ, ಸರಿಯುತ್ತರ ‘ಖಮ್ಸತು ಮುಅಲ್ಲಿಮೀನ’. ಕಾರು, ಅಂದರೆ ‘ಸಯ್ಯಾರಾ’, ಸ್ತ್ರೀಲಿಂಗ. ಸರಿಯುತ್ತರ ‘ಖಮ್ಸು ಸಯ್ಯಾರಾತಿನ್’.

ಈಗ ಮೂವರೂ ಬೇರೆಬೇರೆಯಾಗಿ ಕಾಣುತ್ತಾರೆ. ಲಿಂಗಕ್ಕೆ ಲಿಂಗ ಹೊಂದಿಸುವವನು ಮೂರನ್ನೂ ತಪ್ಪಿಸುತ್ತಾನೆ. ನಿಯಮ ಗೊತ್ತಿದ್ದೂ ಬಹುವಚನ ನೋಡಿ ಎಡವಿದವಳು ಪುಸ್ತಕದಲ್ಲಿ ಮಾತ್ರ ತಪ್ಪುತ್ತಾಳೆ; ಶಿಕ್ಷಕರು ಮನುಷ್ಯರಾದ್ದರಿಂದ ಅಲ್ಲಿ ಅವಳಿಗೆ ಗೊಂದಲವಿಲ್ಲ. ಆಡುಮಾತಿನವನು ಪುಸ್ತಕ, ಶಿಕ್ಷಕ ಎರಡರಲ್ಲೂ ತಪ್ಪಿ, ಕಾರಿನಲ್ಲಿ ಅದೃಷ್ಟದಿಂದ ಗೆಲ್ಲುತ್ತಾನೆ. ಮೊದಲನೆಯವನಿಗೆ ಪಾಠವನ್ನೇ ಮತ್ತೆ ಹೇಳಬೇಕು. ಎರಡನೆಯವಳಿಗೆ ‘ಏಕವಚನ ನೋಡು’ ಎಂದರೆ ಸಾಕು. ಮೂರನೆಯವನಿಗೆ ಆಡುವ ಅರಬ್ಬಿ, ಬರೆಯುವ ಅರಬ್ಬಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು.

ಪ್ರಶ್ನೆ ಬರೆಯುವವರು ಪದಗಳ ಕ್ರಮವನ್ನೂ ಕಾಯಬೇಕು. ನಾಮಪದ ಮೊದಲು ಬಂದು ಸಂಖ್ಯೆ ಆಮೇಲೆ ವಿಶೇಷಣದಂತೆ ಬಂದರೆ, ಸಂಖ್ಯೆಯ ಎರಡು ರೂಪಗಳನ್ನೂ ಹಳೆಯ ವ್ಯಾಕರಣ ಒಪ್ಪುತ್ತದೆ. ‘ಕುತುಬುನ್ ಖಮ್ಸತುನ್’ ಸರಿ, ‘ಕುತುಬುನ್ ಖಮ್ಸುನ್’ ಕೂಡ ಸರಿ. ಎರಡನ್ನೂ ಒಂದೇ ಪ್ರಶ್ನೆಯ ಆಯ್ಕೆಗಳಾಗಿಟ್ಟರೆ, ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿಗೇ ಅಂಕ ತಪ್ಪುತ್ತದೆ.