ಆದಾಯದ ಕಾಲಂ ಖಾಲಿ ಬಿಟ್ಟವರು ಯಾರು?

ಒಂದು ಬ್ಯಾಂಕಿಗೆ ಎರಡು ಶಾಖೆ ಎಂದಿಟ್ಟುಕೊಳ್ಳಿ. ಒಂದು ಪೇಟೆ ಬೀದಿಯಲ್ಲಿ, ಇನ್ನೊಂದು ಹೋಬಳಿ ಕೇಂದ್ರದಲ್ಲಿ. ಎರಡರಲ್ಲೂ ತಲಾ 400 ಸಾಲ. ತಿಂಗಳ ಆದಾಯದ ಕಾಲಂ ಪೇಟೆ ಶಾಖೆಯಲ್ಲಿ 20 ಮಂದಿಯದು ಖಾಲಿ, ಹೋಬಳಿ ಶಾಖೆಯಲ್ಲಿ 160 ಮಂದಿಯದು. ಅಂಕಿಗಳು ಲೆಕ್ಕಕ್ಕೆಂದು ನಾನು ಹಾಕಿಕೊಂಡವು. ಮುಖ್ಯ ಕಚೇರಿ ಕೇಳುವುದು ಎರಡೇ: ಸುಸ್ತಿ ಎಲ್ಲಿ ಹೆಚ್ಚು? ಸಾಲಗಾರರ ಆದಾಯ ಎಲ್ಲಿ ಹೆಚ್ಚು?

ಲೆಕ್ಕಕ್ಕೆ ಕೂರುವ ಮೊದಲು ಆ 160 ಮಂದಿ ಯಾರೆಂದು ನೋಡಬೇಕು. ಹೆಚ್ಚಿನವರು ಒಡವೆ ಅಡವಿಟ್ಟು ಬೆಳೆಗೆ ಸಾಲ ಪಡೆದ ರೈತರು. ಅವರ ಬಳಿ ಪಹಣಿ ಇದೆ, ಸಂಬಳದ ಚೀಟಿ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ತೆರಿಗೆ ರಿಟರ್ನ್ಸೂ ಇಲ್ಲ. ಚಿನ್ನ ತೂಕಕ್ಕೆ ಬಂದ ಮೇಲೆ ಗುಮಾಸ್ತರು ಆದಾಯ ಕೇಳುವ ಗೋಜಿಗೆ ಹೋಗಿಲ್ಲ. ಹಾಗಾಗಿ ಈ ಖಾಲಿ ಜಾಗ ಕೈತಪ್ಪಿ ಆದದ್ದಲ್ಲ. ಸಾಲ ಯಾವ ಬಗೆಯದು ಎಂಬುದನ್ನು ಅದೇ ಹೇಳುತ್ತಿದೆ.

ಈಗ ಖಾಲಿ ಇರುವ ಸಾಲುಗಳನ್ನು ಅಳಿಸಿ ನೋಡೋಣ. ಪೇಟೆ ಶಾಖೆಯಲ್ಲಿ ಉಳಿದ 380ರಲ್ಲಿ 34 ಸುಸ್ತಿ, ಸುಮಾರು ಶೇ 9. ಹೋಬಳಿಯ 240ರಲ್ಲಿ 24, ಅಂದರೆ ಶೇ 10. ಹೋಬಳಿ ಶಾಖೆಯ ಮ್ಯಾನೇಜರ್‌ಗೆ ನೋಟಿಸ್ ಹೋಗುತ್ತದೆ. ಆದರೆ ಅಳಿಸಿದ 160 ಸಾಲಗಳಲ್ಲಿ ಸುಸ್ತಿಯಾದದ್ದು 8 ಮಾತ್ರ. ಅವನ್ನು ಸೇರಿಸಿದರೆ 400ಕ್ಕೆ 32, ಶೇ 8. ಪೇಟೆಯಲ್ಲಿ ಬಿಟ್ಟ 20ರಲ್ಲಿ 2 ಸುಸ್ತಿ. ಸೇರಿಸಿದರೆ 400ಕ್ಕೆ 36, ಶೇ 9. ಹಿಂದೆ ಬಿದ್ದಿದ್ದ ಶಾಖೆ ಮುಂದೆ ಬಂತು. ತಮಾಷೆಯೆಂದರೆ, ಸುಸ್ತಿ ಎಣಿಸಲು ಆದಾಯದ ಕಾಲಂ ಬೇಕೇ ಇರಲಿಲ್ಲ. ಫೈಲು ‘ಶುಚಿ’ ಮಾಡುವ ಉತ್ಸಾಹದಲ್ಲಿ ಯಾರೋ ಮೊದಲೇ ಅಳಿಸಿಬಿಟ್ಟಿದ್ದರು, ಅಷ್ಟೆ.

ಅಳಿಸಲು ಯಾರೂ ತೀರ್ಮಾನಿಸದಿದ್ದರೂ ಅದು ನಡೆದುಹೋಗುತ್ತದೆ. ಎಕ್ಸೆಲ್‌ನ AVERAGE ಖಾಲಿ ಸೆಲ್‌ಗಳನ್ನು ಸದ್ದಿಲ್ಲದೆ ಬಿಟ್ಟು ಲೆಕ್ಕ ಮಾಡುತ್ತದೆ. ಡೇಟಾಬೇಸಿನ AVG ಕೂಡ ಹಾಗೆಯೇ. ಅದೇ ಸೆಲ್‌ನಲ್ಲಿ ಯಾರಾದರೂ 0 ಬರೆದಿದ್ದರೆ ಅದನ್ನು ನಿಜವಾದ ಆದಾಯವೆಂದೇ ಕೂಡಿಸಿಕೊಳ್ಳುತ್ತದೆ. ಕಾಲಂ ತುಂಬದೆ ಮುಂದಕ್ಕೆ ಬಿಡದ ತಂತ್ರಾಂಶವಿದ್ದರೆ 0, 1, 99999 ಇಂಥವು ಬಂದು ಕೂರುತ್ತವೆ. ಒಂದೇ ಅಂಕಿ ಅಸಹಜವಾಗಿ ಹತ್ತಾರು ಸಲ ಬಂದಿದೆಯೇ ಎಂದು ಎಣಿಸಿದರೆ ಈ ವೇಷಧಾರಿಗಳು ಸಿಕ್ಕಿಬೀಳುತ್ತಾರೆ.

ಇನ್ನು ತುಂಬುವ ದಾರಿ. ಆದಾಯ ಗೊತ್ತಿರುವವರ ಸರಾಸರಿ ಪೇಟೆಯಲ್ಲಿ 45,000 ರೂಪಾಯಿ, ಹೋಬಳಿಯಲ್ಲಿ 30,000, ಅಂತರ 15,000. ಇಡೀ ಫೈಲಿನ ಸರಾಸರಿ ಸುಮಾರು 39,200. ಖಾಲಿ ಇದ್ದಲ್ಲೆಲ್ಲ ಇದನ್ನೇ ತುಂಬಿದರೆ ಹೋಬಳಿಯ ಸರಾಸರಿ 33,700ಕ್ಕೆ ಏರುತ್ತದೆ, ಪೇಟೆಯದು 44,700ಕ್ಕೆ ಇಳಿಯುತ್ತದೆ. ಅಂತರದಲ್ಲಿ 4,000 ರೂಪಾಯಿ ಮಾಯ. ಪೇಟೆಯ ಸಂಬಳವನ್ನು ರೈತರ ಹೆಸರಿಗೆ ಬರೆದಂತಾಯಿತು.

ಆಯಾ ಶಾಖೆಯ ಸರಾಸರಿಯನ್ನೇ ತುಂಬಿದರೆ ಅಂತರವೇನೋ ಉಳಿಯುತ್ತದೆ. ಆದರೆ ಹೋಬಳಿಯಲ್ಲಿ 160 ಮಂದಿಗೆ ಪೈಸೆ ವ್ಯತ್ಯಾಸವಿಲ್ಲದೆ 30,000 ಎಂದಾಗಿ, ಆದಾಯದ ಏರಿಳಿತವನ್ನು ಅಳೆಯುವ ಪ್ರಮಾಣ ವಿಚಲನೆ ಸುಮಾರು ಕಾಲುಭಾಗದಷ್ಟು ಕುಗ್ಗುತ್ತದೆ. ನಮಗೆ ಗೊತ್ತಿರುವುದಕ್ಕಿಂತ ಹೆಚ್ಚು ಗೊತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರ ಪ್ರಬಂಧವೊಂದರಲ್ಲಿ, ಮಾಹಿತಿ ಯಾವ ಕಾರಣದಿಂದ ಬಿಟ್ಟುಹೋಗಿದೆ ಎಂಬುದರ ಮೇಲೆ ಅದನ್ನು ಕಡೆಗಣಿಸಬಹುದೇ ಎಂಬುದು ನಿಲ್ಲುತ್ತದೆಂದು ತೋರಿಸಿದರು. ಖಾಲಿ ಬಿಟ್ಟದ್ದು ಸಾಲದ ಬಗೆಯಿಂದ ಮಾತ್ರವಾದರೆ, ಆದಾಯ ಗೊತ್ತಿರುವ ಚಿನ್ನದ ಸಾಲಗಾರರನ್ನು ನೋಡಿ ಉಳಿದವರದನ್ನು ಊಹಿಸಬಹುದು. ಆದಾಯ ಕಡಿಮೆಯೆಂದೇ ಹೇಳದೆ ಬಿಟ್ಟಿದ್ದರೆ ಆ ಊಹೆ ದಾರಿ ತಪ್ಪಿಸುತ್ತದೆ. ಎರಡರಲ್ಲಿ ಯಾವುದೆಂದು ಫೈಲು ಹೇಳಲಾರದು, ಕೌಂಟರಿನಲ್ಲಿ ಕೂತವರು ಹೇಳಬಲ್ಲರು.

ಆದ್ದರಿಂದ ನಾನಾದರೆ ಮೊದಲು ಗುರುತು ಹಾಕುತ್ತೇನೆ. ತುಂಬುವುದಿದ್ದರೂ ಗುರುತಾದ ಮೇಲೆಯೇ, ಇಲ್ಲದಿದ್ದರೆ ಯಾವುದು ಬರೆದದ್ದು, ಯಾವುದು ತುಂಬಿದ್ದು ಎಂದು ಆಮೇಲೆ ತಿಳಿಯದು. ಪೈಥಾನ್‌ನಲ್ಲಿ ಮೂರು ಸಾಲು ಸಾಕು:

```
df["income"] = df["income"].replace([0, 1, 99999], np.nan)
df["income_missing"] = df["income"].isna()
df.groupby(["branch", "product"])["income_missing"].mean()
```

ಕೊನೆಯ ಸಾಲು ಶಾಖೆವಾರು, ಸಾಲದ ಬಗೆವಾರು ಎಷ್ಟು ಪಾಲು ಖಾಲಿಯೆಂದು ತೋರಿಸುತ್ತದೆ. ಖಾಲಿ ಜಾಗ ಚಿನ್ನದ ಸಾಲದಲ್ಲೇ ಗುಂಪುಗೂಡಿದ್ದರೆ, ಚಿನ್ನದ ಸಾಲವನ್ನು ಚಿನ್ನದ ಸಾಲದೊಡನೆ, ಸಂಬಳದ ಸಾಲವನ್ನು ಸಂಬಳದ ಸಾಲದೊಡನೆ ಹೋಲಿಸುವುದು ಸರಿ. ಗುರುತು ಹಾಕಿದ ಮಾತ್ರಕ್ಕೆ ಆದಾಯ ಗೊತ್ತಾಗುವುದಿಲ್ಲ ಎಂಬುದೂ ನೆನಪಿರಲಿ.

ಹಾಗಾದರೆ ಎರಡನೆಯ ಪ್ರಶ್ನೆ? ಅದಕ್ಕೆ ತುಂಬದೆಯೂ ಉತ್ತರವಿದೆ, ಲೆಕ್ಕವನ್ನು ತಿರುಗಿಸಿ ಮಾಡಬೇಕು. ಹೋಬಳಿಯ ಸರಾಸರಿ ಪೇಟೆಯ 45,000ವನ್ನು ಮುಟ್ಟಬೇಕಾದರೆ ಆ 160 ಮಂದಿ ಸರಾಸರಿ ಎಷ್ಟು ದುಡಿಯುತ್ತಿರಬೇಕು? ತಿಂಗಳಿಗೆ 67,500 ರೂಪಾಯಿ. ಈ ಅಂಕಿಯನ್ನು ಹೋಬಳಿ ಶಾಖೆಯ ಮ್ಯಾನೇಜರ್‌ಗೆ ಫೋನಿನಲ್ಲಿ ಓದಿ ಹೇಳಿ. ಅವರು ನಕ್ಕರೆ, ಪೇಟೆಯ ಆದಾಯವೇ ಹೆಚ್ಚೆಂದು ಬರೆಯಬಹುದು. ‘ನಮ್ಮದು ಅಡಿಕೆ ಸೀಮೆ ಸ್ವಾಮಿ’ ಎಂದರೆ, ಆ 160 ಫೈಲು ತರಿಸಿ ನೋಡುವವರೆಗೆ ಪೆನ್ನು ಕೆಳಗಿಡಬೇಕು.